ಸಾವಿರ ಕಟ್ಟಿದೆ, 360 ಬಂತು, ಈಗ ವ್ಯಾಲೆಟ್ ಮೈನಸ್ ತೋರಿಸುತ್ತಿದೆ. ಇನ್ನೂ 3,120 ಹಾಕಲಾ?

ನವನಗರದಾಕಿ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ನವನಗರದಲ್ಲಿದ್ದೇನೆ. ಬಿಕಾಂ ಆಗಿದೆ. ಮಕ್ಕಳು ಸಣ್ಣವರು, ಹೊರಗೆ ಕೆಲಸಕ್ಕೆ ಹೋಗಲು ಆಗುವುದಿಲ್ಲ. ನಮ್ಮ ಸೆಕ್ಟರಿನ ಅಕ್ಕ ಒಬ್ಬರು ವಾಟ್ಸಾಪ್‌ನಲ್ಲಿ ಒಂದು ಲಿಂಕ್ ಕಳಿಸಿದರು. ಹೋಟೆಲ್‌ಗಳಿಗೆ ಸ್ಟಾರ್ ಒತ್ತುವ ಕೆಲಸ. ದಿನಕ್ಕೆ 30 ಹೋಟೆಲ್, ಒಂದಕ್ಕೆ 6 ರೂಪಾಯಿ, ಅಂದರೆ ದಿನಕ್ಕೆ 180. ಶುರು ಮಾಡಲು 1,000 ಡಿಪಾಸಿಟ್ ಕಟ್ಟಬೇಕು, ಬೇಕಾದಾಗ ವಾಪಸ್ ತೆಗೆದುಕೊಳ್ಳಬಹುದು ಅಂದರು.

ಕಟ್ಟಿದೆ. ಮೊದಲ ಎರಡು ದಿನದ್ದು 360 ನಿಜವಾಗಿಯೂ ನನ್ನ ಬ್ಯಾಂಕಿಗೆ ಬಂತು. ಮೂರನೇ ದಿನದ್ದು ಸೇರಿ ವ್ಯಾಲೆಟ್‌ನಲ್ಲಿ 1,180 ಇತ್ತು. ಮರುದಿನ ಒಂದು ಹೋಟೆಲ್ ಒತ್ತಿದ ಕೂಡಲೇ ಪಟಾಕಿ ಹಾರಿದ ಹಾಗೆ ಚಿತ್ರ ಬಂತು. "ಅಭಿನಂದನೆ, ನಿಮಗೆ ಕಾಂಬೋ ಟಾಸ್ಕ್ ಸಿಕ್ಕಿದೆ" ಅಂತ. ಅದರ ಬೆಲೆ 4,300 ಅಂತೆ. ವ್ಯಾಲೆಟ್ ಕೆಂಪು ಅಕ್ಷರದಲ್ಲಿ -3,120 ಆಯಿತು. ಆ 3,120 ತುಂಬಿದರೆ ಶೇಕಡಾ 30 ಕಮಿಷನ್ ಸೇರಿ 5,590 ಒಟ್ಟಿಗೆ ತೆಗೆಯಬಹುದು ಅಂತ ಟೆಲಿಗ್ರಾಂನಲ್ಲಿರುವ ಮೇಡಂ ಹೇಳುತ್ತಿದ್ದಾರೆ. ತುಂಬದಿದ್ದರೆ ಮುಂದಿನ ಕೆಲಸವೂ ಇಲ್ಲ, ಇದ್ದದ್ದೂ ಬರಲ್ಲ.

ಮನೆಯಲ್ಲಿ ಇನ್ನೂ ಹೇಳಿಲ್ಲ. 360 ಬಂದಿದ್ದರಿಂದ ಪೂರ್ತಿ ಸುಳ್ಳು ಅನ್ನಲೂ ಮನಸ್ಸು ಬರುತ್ತಿಲ್ಲ. ಗೊತ್ತಿದ್ದವರು ಹೇಳಿ.

ಇಳಕಲ್ ಮಗ್ಗ

ಹಾಕಬೇಡ್ರಿ ಅಕ್ಕಾ. ಮೋಸ. ಕೂಲಿ ಮಾಡಿದವರಿಗೆ ಧಣಿ ದುಡ್ಡು ಕೊಡಬೇಕು. ಇಲ್ಲಿ ನೀವೇ ಧಣಿಗೆ ಕೊಡುತ್ತಿದ್ದೀರಿ. ಆ ಲಿಂಕ್ ಕಳಿಸಿದ ಅಕ್ಕನಿಗೆ ಎಷ್ಟು ಸಿಕ್ಕಿತು ಕೇಳಿದ್ದೀರಾ?

ಜಮಖಂಡಿ ಪಾಟೀಲ

ಸುಮ್ನೆ ಮೋಸ ಅಂದರೆ ಹೇಗೆ? ಮೊದಲು ಪರೀಕ್ಷೆ ಮಾಡಬೇಕು. ಕಂಪನಿ ಹೆಸರನ್ನು ಸರ್ಕಾರದ mca.gov.in ನಲ್ಲಿ ಹಾಕಿ ನೋಡಿ. ಜಿಎಸ್‌ಟಿ ನಂಬರ್ ಇದೆಯಾ ನೋಡಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ಸರ್ಟಿಫಿಕೇಟ್ ಕೇಳಿ. ಈ ಮೂರೂ ಇದ್ದರೆ ಸರ್ಕಾರ ಒಪ್ಪಿದ ಕಂಪನಿ ಅಂತಲೇ ಅರ್ಥ. ಇಲ್ಲದಿದ್ದರೆ ಬಿಟ್ಟುಬಿಡಿ. ಎಲ್ಲಾ ವರ್ಕ್ ಫ್ರಮ್ ಹೋಮ್ ಕೆಟ್ಟದ್ದಲ್ಲ.

ನವನಗರದಾಕಿ

ಪಾಟೀಲ ಸರ್, ಉದ್ಯಮ್ ಸರ್ಟಿಫಿಕೇಟ್ ಅವರು ಮೊದಲ ದಿನವೇ ಕಳಿಸಿದ್ದಾರೆ. ಅಶೋಕ ಸ್ತಂಭ ಇದೆ, ಕ್ಯೂಆರ್ ಕೋಡ್ ಇದೆ. ಅದನ್ನು ನೋಡಿಯೇ ನಾನು ಧೈರ್ಯ ಮಾಡಿದ್ದು.

ಗುಮ್ಮಟದ ನೆರಳು

ತಂಗಿ, ನಾನು ವಿಜಯಪುರದವನು. ಬ್ಯಾಂಕಿನಲ್ಲಿದ್ದೆ, ಈಗ ನಿವೃತ್ತ. ಕಡೆಯ ವರ್ಷಗಳಲ್ಲಿ ಇಂಥ ದೂರುಗಳೇ ನನ್ನ ಟೇಬಲ್ಲಿಗೆ ಬರುತ್ತಿದ್ದವು. ಸ್ವಲ್ಪ ಉದ್ದ ಆಗುತ್ತದೆ, ಓದಿಕೊಳ್ಳಿ.

ಮೊದಲು ಉದ್ಯಮ್ ಮಾತು. ಆಧಾರ್, ಪ್ಯಾನ್ ಇದ್ದ ಯಾರು ಬೇಕಾದರೂ ಮನೆಯಲ್ಲಿ ಕೂತು ಪುಕ್ಕಟೆಯಾಗಿ ಅದನ್ನು ಮಾಡಿಸಬಹುದು. ಏನು ವ್ಯವಹಾರ ಅಂತ ನಾವೇ ಬರೆದುಕೊಡುವುದು, ಯಾರೂ ಬಂದು ನೋಡುವುದಿಲ್ಲ. ಎಂಸಿಎದಲ್ಲಿ ಹೆಸರು ಇದ್ದರೂ ಅಷ್ಟೇ. ಆ ಹೆಸರಿನ ಕಂಪನಿ ಒಂದು ಇದೆ ಅಂತ ಗೊತ್ತಾಗುತ್ತದೆ. ನಿಮ್ಮ ಜೊತೆ ಟೆಲಿಗ್ರಾಂನಲ್ಲಿ ಮಾತಾಡುತ್ತಿರುವ ಮೇಡಂ ಆ ಕಂಪನಿಯವರು ಅಂತ ಗೊತ್ತಾಗುವುದಿಲ್ಲ. ನಿಜವಾದ ಕಂಪನಿಯ ಹೆಸರು, ನೋಂದಣಿ ನಂಬರ್ ಎರಡನ್ನೂ ಕದ್ದು ತಮ್ಮ ಸೈಟಿನ ಕೆಳಗೆ ಹಾಕಿಕೊಳ್ಳುತ್ತಾರೆ. ಪಾಟೀಲರು ಹೇಳಿದ ಪರೀಕ್ಷೆಯಲ್ಲಿ ಫೇಲಾದರೆ ಬಿಡಬೇಕು, ಅದು ಸರಿ. ಪಾಸಾದರೆ ನಂಬಬೇಕು ಅನ್ನುವುದು ಸರಿಯಲ್ಲ.

ಹಾಗಾದರೆ ಏನು ನೋಡಬೇಕು? ದುಡ್ಡು ಹೋದ ದಾರಿ. ಫೋನ್‌ಪೇ ಅಥವಾ ಯಾವ ಆ್ಯಪ್‌ನಿಂದ ಕಟ್ಟಿದಿರೋ ಅದರ ಹಿಸ್ಟರಿ ತೆಗೆಯಿರಿ. ನೀವು 1,000 ಕಟ್ಟಿದ್ದು ಯಾರ ಹೆಸರಿಗೆ? ಯುಪಿಐನಲ್ಲಿ ದುಡ್ಡು ಹಾಕುವಾಗ ಬ್ಯಾಂಕಿನಲ್ಲಿರುವ ಹೆಸರು ತೋರಿಸುತ್ತದೆ. ಈಗ 3,120ಕ್ಕೆ ಅವರು ಕೊಟ್ಟಿರುವ ಐಡಿ ಯಾರ ಹೆಸರಿನದು? ದುಡ್ಡು ಹಾಕಬೇಡಿ, ಹೆಸರು ಬರುವವರೆಗೆ ಮಾತ್ರ ನೋಡಿ. ಆಮೇಲೆ ಸ್ಟೇಟ್‌ಮೆಂಟ್ ತೆಗೆದು ಆ 360 ಯಾರ ಖಾತೆಯಿಂದ ಬಂತು ನೋಡಿ. ಮೂರೂ ಹೆಸರು ಇಲ್ಲಿ ಬರೆಯಬೇಡಿ. ಕಂಪನಿ ಹೆಸರಾ, ಬೇರೆ ಬೇರೆ ವ್ಯಕ್ತಿಗಳ ಹೆಸರಾ, ಅಷ್ಟು ಹೇಳಿದರೆ ಸಾಕು.

ಸಿಂದಗಿ ಹುಡುಗ

ಮೇಡಂ, ಟೈಪಿಂಗ್ ಕೆಲಸಕ್ಕೆ ನುಡಿ ಕಲಿತರೆ ಒಳ್ಳೆಯದಾ, ಇಲ್ಲ ಯುನಿಕೋಡ್ ಸಾಕಾ? ನಾನೂ ಮನೆಯಿಂದ ಮಾಡಬೇಕು ಅಂತಿದ್ದೇನೆ. ಜೂನಿಯರ್ ಪರೀಕ್ಷೆ ಆಗಿದೆ.

ಇಳಕಲ್ ಮಗ್ಗ

ತಮ್ಮಾ, ಅವರು ಕೇಳುತ್ತಿರುವುದೇ ಬೇರೆ. ಮೇಲಿಂದ ಓದು.

ನವನಗರದಾಕಿ

ಸರ್, ನೋಡಿದೆ. ಕಟ್ಟಿದ್ದು ಒಬ್ಬ ಗಂಡಸಿನ ಹೆಸರಿಗೆ. ಈಗ ಕೊಟ್ಟಿರುವ ಐಡಿ ಯಾವುದೋ ಕಿರಾಣಿ ಅಂಗಡಿ ಹೆಸರು ತೋರಿಸುತ್ತಿದೆ. 360 ಎರಡು ಸಲ 180 ಆಗಿ ಬಂದಿದೆ, ಎರಡೂ ಬೇರೆ ಬೇರೆ ವ್ಯಕ್ತಿಗಳಿಂದ. ನಾಲ್ಕರಲ್ಲಿ ಒಂದೂ ಕಂಪನಿಯ ಹೆಸರಲ್ಲ. ಕೇಳಿದ್ದಕ್ಕೆ "ಇವರು ನಮ್ಮ ಫೈನಾನ್ಸ್ ಏಜೆಂಟರು" ಅಂದರು.

ಗೋಕಾಕ ಕರದಂಟು

ನಾನು ಇಂಥದೇ ಒಂದು ಸೈಟಿನಲ್ಲಿ ತುಂಬಾ ದಿನದಿಂದ ಮಾಡುತ್ತಿದ್ದೇನೆ. ನನಗೆ ಬರುತ್ತಿದೆ. ದೊಡ್ಡದಲ್ಲ, ರೀಚಾರ್ಜಿಗೆ, ಪೆಟ್ರೋಲಿಗೆ ಆಗುತ್ತದೆ. ಕಾಂಬೋ ಬಂದಾಗ ನಾನೂ ಒಮ್ಮೆ 2,000 ತುಂಬಿದೆ, ಕಮಿಷನ್ ಸೇರಿ ವಾಪಸ್ ಬಂತು. ನಂಬಿಕೆ ಇಲ್ಲದವರು ಮಾಡಬೇಡಿ. ಬಂದವರ ಹೊಟ್ಟೆ ಮೇಲೆ ಯಾಕೆ ಹೊಡೆಯುತ್ತೀರಿ?

ಗುಮ್ಮಟದ ನೆರಳು

ಗೋಕಾಕದವರೇ, ನಿಮಗೆ ಬಂದಿರಬಹುದು, ನಾನು ಸುಳ್ಳು ಅನ್ನುವುದಿಲ್ಲ. ಅದು ಯಾವ ದುಡ್ಡು ಅನ್ನುವುದು ಪ್ರಶ್ನೆ. ತಂಗಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ.

ಪರದೆಯ ಮೇಲೆ ಕಾಣುವ ಅಂಕಿಗಳನ್ನೆಲ್ಲ ಬದಿಗಿಡಿ. 1,180 ಆಗಲಿ, -3,120 ಆಗಲಿ, 5,590 ಆಗಲಿ, ಅವು ಅವರ ಸೈಟಿನಲ್ಲಿ ಅವರೇ ಬರೆದುಕೊಂಡ ಅಂಕಿ. ನಿಜವಾದ ದುಡ್ಡು ಬ್ಯಾಂಕಿನಿಂದ ಹೊರಗೆ ಹೋದದ್ದು 1,000, ಒಳಗೆ ಬಂದದ್ದು 360. ಇವತ್ತಿಗೆ ನಷ್ಟ 640 ರೂಪಾಯಿ, ಅಷ್ಟೇ. ಆ 360 ಕೂಡ ನಿಮ್ಮದೇ ಸಾವಿರದಷ್ಟರೊಳಗೆ ಇದೆ. ಅಂದರೆ ಅವರು ಇನ್ನೂ ಕೈಯಿಂದ ಒಂದು ಪೈಸೆ ಹಾಕಿಲ್ಲ.

3,120 ಹಾಕಿದಿರಿ ಅನ್ನಿ. ಆಗ ಹೋದದ್ದು 3,760. ಎರಡು ದಾರಿಯಲ್ಲಿ ಒಂದು ಆಗುತ್ತದೆ. ಗೋಕಾಕದವರಿಗೆ ಆದಂತೆ ಒಮ್ಮೆ ವಾಪಸ್ ಬಿಡುತ್ತಾರೆ, ಯಾಕೆಂದರೆ ಮುಂದಿನ ಸಲ ನೀವು ಹತ್ತು ಸಾವಿರ ಹಾಕಲು ಹಿಂದೆ ಮುಂದೆ ನೋಡಬಾರದು. ಅಥವಾ ತುಂಬಿದ ಕೂಡಲೇ ಇನ್ನೊಂದು ಕಾಂಬೋ ಬೀಳುತ್ತದೆ, ಈ ಸಲ ಹೆಚ್ಚು ದೊಡ್ಡದು. ನನ್ನ ಟೇಬಲ್ಲಿಗೆ ಬಂದವರಲ್ಲಿ ಒಬ್ಬರೂ ಮೊದಲ ಸಾವಿರ ಕಳೆದುಕೊಂಡು ಬಂದವರಲ್ಲ. ಕಳೆದದ್ದನ್ನು ಬಿಡಿಸಿಕೊಳ್ಳಲು ಹಾಕಿ ಹಾಕಿ, ಚಿನ್ನ ಅಡ ಇಟ್ಟು ಬಂದವರು.

ಕೊನೆಗೆ "ತೆರಿಗೆ" ಬರುತ್ತದೆ. ಇಷ್ಟು ಹಣ ತೆಗೆಯಬೇಕಾದರೆ ಮೊದಲು ಶೇಕಡಾ 18 ಜಿಎಸ್‌ಟಿ ಕಟ್ಟಿ ಅಂತ. ತೆರಿಗೆ ಇದ್ದರೆ ಕೊಡುವ ಹಣದಲ್ಲೇ ಹಿಡಿದುಕೊಳ್ಳುತ್ತಾರೆ. ಟಿಡಿಎಸ್ ಅಂದರೆ ಅದೇ ಅಲ್ವಾ? ಸಂಬಳ ಪಡೆಯಲು ಮೊದಲು ತೆರಿಗೆಯನ್ನು ಯಾವುದೋ ಕಿರಾಣಿ ಅಂಗಡಿಯ ಯುಪಿಐಗೆ ಹಾಕುವ ಪದ್ಧತಿ ಎಲ್ಲೂ ಇಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ ತಂಗಿ. ಮೇಡಂಗೆ ಹೀಗೆ ಬರೆಯಿರಿ: "ನನಗೆ ಕಾಂಬೋ ಬೇಡ. ರದ್ದು ಮಾಡಿ. ನಿಮ್ಮ ದಂಡ ಏನಿದ್ದರೂ ನನ್ನ 1,180ರಲ್ಲೇ ಹಿಡಿದುಕೊಂಡು ಉಳಿದದ್ದು ಕೊಡಿ." ವ್ಯಾಲೆಟ್‌ನಲ್ಲಿ ನಿಜವಾಗಿ ದುಡ್ಡು ಇದ್ದರೆ ಅದರಲ್ಲಿ ಕಳೆಯಲು ಏನು ಕಷ್ಟ?

ಡಿಸಿ ಆಫೀಸ್ ಎದುರಿನ ಝೆರಾಕ್ಸ್

ನಾನು ವಿಜಯಪುರದಲ್ಲಿ ಟೈಪಿಂಗ್, ಝೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಕೆಲಸದ ಬೆಲೆ ಗೊತ್ತಿದ್ದವನು ಅಂತ ಹೇಳುತ್ತೇನೆ. ನನ್ನಲ್ಲಿ ಕನ್ನಡದ ಒಂದು ಪುಟಕ್ಕೆ 30 ರೂಪಾಯಿ. ಅರ್ಜಿ ಬರೆಸುವವರು, ಕರಾರು ಪತ್ರ ಮಾಡಿಸುವವರು ಕೊಡುತ್ತಾರೆ, ಯಾಕೆಂದರೆ ಅವರಿಗೆ ಆ ಪುಟ ಬೇಕು. ಮನೆಯಿಂದ ಟೈಪಿಂಗ್ ಕೆಲಸ ಕೊಡುತ್ತೇವೆ ಅನ್ನುವ ಸೈಟಿನವರು ಪಿಡಿಎಫ್ ಕಳಿಸಿ, ಅದನ್ನೇ ನೋಡಿ ವರ್ಡ್‌ನಲ್ಲಿ ಟೈಪ್ ಮಾಡಿ, ಪುಟಕ್ಕೆ 40 ಕೊಡುತ್ತೇವೆ ಅನ್ನುತ್ತಾರೆ. ಫೋಟೋದಲ್ಲಿನ ಅಕ್ಷರ ತೆಗೆಯುವ ಸೌಲಭ್ಯ ಈಗ ಮೊಬೈಲಿನಲ್ಲೇ ಪುಕ್ಕಟೆ ಇದೆ. ಒತ್ತಿದರೆ ಬರುವ ಪುಟಕ್ಕೆ 40 ಕೊಡುವ ಹುಚ್ಚ ಯಾರು?

ಕ್ಯಾಪ್ಚಾ ಟೈಪ್ ಮಾಡುವ ಕೆಲಸ ಒಂದು ನಿಜವಾಗಿಯೂ ಇದೆ. ನಮ್ಮ ಹುಡುಗ ಮಾಡಿ ನೋಡಿದ. ಸಾವಿರ ಕ್ಯಾಪ್ಚಾಕ್ಕೆ ಒಂದು ಡಾಲರೂ ಸಿಗಲಿಲ್ಲ. ಅವರು ಡಿಪಾಸಿಟ್ ಕೇಳಲಿಲ್ಲ, ಅಷ್ಟು ಹೇಳಬಹುದು. ಕಣ್ಣು ಕೆಂಪಾಗಿ ಬಿಟ್ಟ. ಆ ಕೆಲಸವೂ ನೆಟ್ಟಗಿನದಲ್ಲ ಬಿಡಿ.

ಸಿಂದಗಿ ಹುಡುಗನಿಗೆ: ಎರಡೂ ಕಲಿ. ಸರ್ಕಾರಿ ಆಫೀಸಿನ ಹಳೆ ಕಡತ ನುಡಿಯಲ್ಲೇ ಇರುತ್ತವೆ, ಮೊಬೈಲಿಗೆ ಯುನಿಕೋಡ್ ಬೇಕು. ಬೇಕಾದರೆ ಅಂಗಡಿಗೆ ಬಾ.

ಗೋಕಾಕ ಕರದಂಟು

ಟೈಪಿಂಗ್ ಬೇರೆ ರೀ. ಇದು ರೇಟಿಂಗ್. ಹೋಟೆಲಿನವರು ಜಾಹೀರಾತಿಗೆ ಕೋಟಿಗಟ್ಟಲೆ ಹಾಕುತ್ತಾರೆ. ಅದರಲ್ಲಿ ನಮಗೆ ಆರು ರೂಪಾಯಿ ಕೊಟ್ಟರೆ ಏನು ಆಶ್ಚರ್ಯ?

ಗುಮ್ಮಟದ ನೆರಳು

ಕೊಡುವುದಾದರೆ ಹೋಟೆಲಿನವರು ನಿಮಗೆ ಕೊಡಬೇಕು. ನೀವು 1,000 ಕಟ್ಟಿ, ಆಮೇಲೆ 4,300ರ ಹೋಟೆಲನ್ನು "ತುಂಬಿ" ಸ್ಟಾರ್ ಒತ್ತುವುದು ಯಾಕೆ? ದುಡ್ಡು ಕೊಟ್ಟು ಜಾಹೀರಾತು ಒತ್ತಿಸುವ ಕೆಲಸದ ಕಥೆಯೂ ಅದೇ. ದುಡ್ಡು ಕೊಟ್ಟು ಒತ್ತಿಸಿದ ಕ್ಲಿಕ್ಕನ್ನು ಗೂಗಲ್‌ನಂಥ ಜಾಹೀರಾತು ಕಂಪನಿಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ, ಸಿಕ್ಕರೆ ಸೈಟಿನ ಖಾತೆ ಮುಚ್ಚುತ್ತವೆ. ಆ ಕ್ಲಿಕ್ಕಿಗೆ ಹೊರಗಿನಿಂದ ದುಡ್ಡು ಬರುವುದೇ ಇಲ್ಲ.

2017ರ ಫೆಬ್ರವರಿಯಲ್ಲಿ ನೋಯ್ಡಾದ ಸೋಶಿಯಲ್ ಟ್ರೇಡ್ ಸಿಕ್ಕಿಬಿದ್ದದ್ದು ನೆನಪಿದೆಯಾ? ಒಂದು ಕ್ಲಿಕ್ಕಿಗೆ 5 ರೂಪಾಯಿ ಅಂತಿದ್ದರು. ಸೇರಲು 5,750ರಿಂದ 57,500ರವರೆಗೆ ಕಟ್ಟಬೇಕಿತ್ತು. ಉತ್ತರ ಪ್ರದೇಶದ ಪೊಲೀಸರು ಹೇಳಿದ ಮೊತ್ತ ಸುಮಾರು 3,700 ಕೋಟಿ. ಅಲ್ಲೂ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಸರಿಯಾಗಿ ದುಡ್ಡು ಬಂದಿತ್ತು. ಮೊದಲು ಸೇರಿದವರಿಗೆ ಆಮೇಲೆ ಸೇರಿದವರ ಡಿಪಾಸಿಟ್ ಹಂಚುತ್ತಿದ್ದರು. ಬರುತ್ತಿದೆ ಅನ್ನುವುದು ಯಾವ ಪುರಾವೆಯೂ ಅಲ್ಲ.

ಈಗಿನದು ಅದಕ್ಕಿಂತ ಕೆಟ್ಟದ್ದು. ಅಲ್ಲಿ ಕಂಪನಿ ಆದರೂ ಇತ್ತು, ಆಫೀಸ್ ಇತ್ತು. ಇಲ್ಲಿ ನಿಮಗೆ ದುಡ್ಡು ಹಾಕುವವರು ಬಾಡಿಗೆ ಖಾತೆಯವರು. ಆ 180 ಬೇರೆ ಯಾರೋ ಕಳೆದುಕೊಂಡ ದುಡ್ಡು ಇರಬಹುದು. ಅವರು ದೂರು ಕೊಟ್ಟಾಗ ಪೊಲೀಸರು ದುಡ್ಡಿನ ಹಿಂದೆ ಖಾತೆಯಿಂದ ಖಾತೆಗೆ ಹೋಗುತ್ತಾರೆ. ಹೋಗುತ್ತಾ ಹೋಗುತ್ತಾ ನಿಮ್ಮ ಖಾತೆಗೂ ಬರಬಹುದು. ಆಗ ಬ್ಯಾಂಕ್ ಅಷ್ಟು ಮೊತ್ತವನ್ನು ನೀವು ತೆಗೆಯಲು ಬಾರದಂತೆ ಲೀನ್ ಹಾಕುತ್ತದೆ, ಕೆಲವೊಮ್ಮೆ ಖಾತೆಯನ್ನೇ ತಡೆಯುತ್ತದೆ. ಯಾವುದೋ ರಾಜ್ಯದ ಸೈಬರ್ ಠಾಣೆ ಹೆಸರು ಬರುತ್ತದೆ. ಗೃಹಲಕ್ಷ್ಮಿ ದುಡ್ಡು ಬರುವ ಖಾತೆ ಅದೇ ಆಗಿದ್ದರೆ ಗೋಳು ಕೇಳುವುದೇ ಬೇಡ. ಗೋಕಾಕದವರೇ, ನಿಮ್ಮ ಸ್ಟೇಟ್‌ಮೆಂಟಿನಲ್ಲಿ ದುಡ್ಡು ಕಳಿಸಿದವರ ಹೆಸರು ಒಮ್ಮೆ ಓದಿಕೊಳ್ಳಿ.

ಕುಂದಾಪ್ರಿಯ

ಬೆಳಗಾವಿಯಿಂದ. ಸರ್, ನನ್ನ ಚಿಕ್ಕಪ್ಪನ ಮಗನ ಕೇಸ್ ಬೇರೆ ಥರ. ಅವನದು ಟೈಪಿಂಗ್. ರಿಜಿಸ್ಟ್ರೇಷನ್ನಿಗೆ ಸ್ವಲ್ಪ ಕಟ್ಟಿಸಿಕೊಂಡು ಒಂದು ಅಗ್ರಿಮೆಂಟ್ ಮೇಲೆ ಮೊಬೈಲಿನಲ್ಲೇ ಸಹಿ ಹಾಕಿಸಿದರು. ಇಂತಿಷ್ಟು ದಿನದಲ್ಲಿ ಇಷ್ಟು ಫಾರ್ಮ್ ತುಂಬಬೇಕು, ಶೇಕಡಾ 90 ಸರಿ ಇರಬೇಕು. ರಾತ್ರಿ ಹಗಲು ಕೂತು ಮಾಡಿದ. ಕೊನೆಗೆ ಕ್ಯೂಸಿ, ಅಂದರೆ ಗುಣಮಟ್ಟದ ತಪಾಸಣೆ, ಫೇಲ್ ಅಂದರು. ಯಾವುದು ತಪ್ಪು ಅಂತ ತೋರಿಸಲಿಲ್ಲ. ಈಗ ವಕೀಲರ ಹೆಸರಿನಲ್ಲಿ ನೋಟಿಸ್ ಬಂದಿದೆ. ಅಗ್ರಿಮೆಂಟ್ ಮುರಿದದ್ದಕ್ಕೆ 6,500 ಕಟ್ಟು, ಇಲ್ಲದಿದ್ದರೆ ಕೋರ್ಟ್, ಅರೆಸ್ಟ್, ಸಿಬಿಲ್ ಹಾಳು. ಹುಡುಗ ಊಟ ಬಿಟ್ಟಿದ್ದಾನೆ. ಕಟ್ಟಿ ಮುಗಿಸಿಬಿಡೋಣ ಅಂತ ಚಿಕ್ಕಪ್ಪ ಹೇಳುತ್ತಿದ್ದಾರೆ.

ಜಮಖಂಡಿ ಪಾಟೀಲ

ಸಹಿ ಹಾಕಿದ ಮೇಲೆ ಏನು ಮಾಡಲು ಬರುತ್ತದೆ? ಕಟ್ಟಬೇಕಾಗುತ್ತದೆ. ಕಾಂಟ್ರ್ಯಾಕ್ಟ್ ಅಂದರೆ ಕಾಂಟ್ರ್ಯಾಕ್ಟ್.

ಗುಮ್ಮಟದ ನೆರಳು

ಪಾಟೀಲರೇ, ಹಾಗೆ ಹೇಳಿ ಹುಡುಗನನ್ನು ಇನ್ನೂ ಹೆದರಿಸಬೇಡಿ. ನೋಟಿಸ್ ಅಂದರೆ ಒಬ್ಬರು ಇನ್ನೊಬ್ಬರಿಗೆ ಬರೆದ ಪತ್ರ. ಕೋರ್ಟಿನ ಆದೇಶ ಅಲ್ಲ. ಕೋರ್ಟಿನ ಸಮನ್ಸ್ ಬೇರೆ, ಅದರಲ್ಲಿ ಕೇಸ್ ನಂಬರ್ ಇರುತ್ತದೆ, ecourts.gov.in ನಲ್ಲಿ ಹುಡುಕಿದರೆ ಸಿಗುತ್ತದೆ. ನಿಜವಾದ ಕರಾರು ಮುರಿದರೂ ಅದು ಸಿವಿಲ್ ವ್ಯಾಜ್ಯ, ಅದಕ್ಕೆ ಪೊಲೀಸರು ಬಂದು ಹಿಡಿಯುವುದಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ದಂಡ ಅಂತ ಬರೆದುಕೊಂಡ ಮೊತ್ತವನ್ನೆಲ್ಲ ಕೋರ್ಟ್ ಕಣ್ಣುಮುಚ್ಚಿ ಕೊಡಿಸುವುದಿಲ್ಲ, ನ್ಯಾಯವಾದಷ್ಟು ಮಾತ್ರ. ಮೋಸದಿಂದ ಮಾಡಿಸಿಕೊಂಡ ಕರಾರಾದರೆ ಅದನ್ನೇ ಒಪ್ಪದೆ ಇರುವ ಹಕ್ಕು ಹುಡುಗನಿಗಿದೆ.

ಸಿಬಿಲ್ ಮಾತು ಶುದ್ಧ ಸುಳ್ಳು. ಅಲ್ಲಿಗೆ ಮಾಹಿತಿ ಕೊಡುವುದು ಬ್ಯಾಂಕ್, ಫೈನಾನ್ಸ್‌ನಂಥ ಸಾಲ ಕೊಟ್ಟವರು. ಅವನು ಇವರಿಂದ ಸಾಲ ತೆಗೆದುಕೊಂಡಿಲ್ಲ.

6,500 ಕಟ್ಟಿದರೆ ಮುಗಿಯುವುದಿಲ್ಲ, ಹೆದರುವ ಪಾರ್ಟಿ ಅಂತ ಗೊತ್ತಾಗಿ ಇನ್ನೊಂದು ಫೋನ್ ಬರುತ್ತದೆ. ಅಗ್ರಿಮೆಂಟ್, ನೋಟಿಸ್, ಫೋನ್ ನಂಬರ್, ಕಟ್ಟಿದ ರಸೀದಿ ಎಲ್ಲಾ ಜೋಡಿಸಿಕೊಂಡು ಸೈಬರ್ ಅಪರಾಧ ನೋಡಿಕೊಳ್ಳುವ ಬೆಳಗಾವಿಯ ಸಿಇಎನ್ ಠಾಣೆಗೆ ಹೋಗಲಿ. ಒಬ್ಬ ಸ್ಥಳೀಯ ವಕೀಲರಿಗೂ ತೋರಿಸಲಿ. ಹುಡುಗನನ್ನು ಒಬ್ಬನೇ ಬಿಡಬೇಡಿ.

ಇಳಕಲ್ ಮಗ್ಗ

ಒಂದು ಮಾತು. ಸೈಟ್ ಯಾವಾಗ ಹುಟ್ಟಿತು ಅಂತ ನೋಡಬಹುದು. lookup.icann.org ನಲ್ಲಿ ಸೈಟಿನ ಹೆಸರು ಹಾಕಿದರೆ Created ಅಂತ ತಾರೀಕು ಬರುತ್ತದೆ. "10 ವರ್ಷದಿಂದ ಸೇವೆಯಲ್ಲಿದ್ದೇವೆ" ಅಂತ ಬರೆದುಕೊಂಡ ಸೈಟ್ ಹೋದ ತಿಂಗಳು ಹುಟ್ಟಿರುತ್ತದೆ.

ನವನಗರದಾಕಿ

ನೋಡಿದೆ ಅಣ್ಣಾ. ಈ ವರ್ಷದ್ದೇ. ಸೈಟಿನಲ್ಲಿ ಮಾತ್ರ 2014ರಿಂದ ಅಂತ ಇದೆ.

ಸರ್ ಹೇಳಿದಂತೆ ಮೇಡಂಗೂ ಬರೆದೆ. ಮೊದಲು "ಸಿಸ್ಟಮ್ ಒಪ್ಪುವುದಿಲ್ಲ ಡಿಯರ್" ಅಂತ ಬಂತು. ಮತ್ತೆ ಕೇಳಿದೆ. "ನಿಮ್ಮಿಂದ ಇಡೀ ಗ್ರೂಪಿನ ಕಮಿಷನ್ ನಿಂತಿದೆ, ಬೇರೆ ಮೆಂಬರ್‌ಗಳು ನಿಮ್ಮ ಮೇಲೆ ಕೇಸ್ ಹಾಕುತ್ತಾರೆ" ಅಂದರು. ಆಮೇಲೆ ಗ್ರೂಪಿನಲ್ಲಿ ನಾಲ್ಕೈದು ಜನ ಒಟ್ಟಿಗೆ ನನಗೆ ಬೈಯಲು ಶುರು ಮಾಡಿದರು. ಒಬ್ಬರು "ನಾನು ತುಂಬಿದೆ, 12,000 ಬಂತು" ಅಂತ ಸ್ಕ್ರೀನ್‌ಶಾಟ್ ಹಾಕಿದರು.

ಡಿಸಿ ಆಫೀಸ್ ಎದುರಿನ ಝೆರಾಕ್ಸ್

ಆ ನಾಲ್ಕೈದು ಜನ ಒಬ್ಬನೇ ಇರಬಹುದು. ಮೆಂಬರ್‌ಗಳಿಗೆ ನಿಮ್ಮ ಮೇಲೆ ಸಿಟ್ಟು ಬರಲು ಅವರಿಗೇನು ಸಂಬಂಧ?

ಗುಮ್ಮಟದ ನೆರಳು

ತಂಗಿ, ಗ್ರೂಪಿನಿಂದ ಈಗಲೇ ಹೊರಬರಬೇಡಿ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಸೈಟಿನ ವಿಳಾಸ ಕಾಣುವಂತೆ ಮೈನಸ್ ಪರದೆ, ಮೇಡಂನ ಐಡಿ, ಆ ಎರಡು ಯುಪಿಐ ಐಡಿ. ಹೊರಬಂದರೆ ಅವರು ಚಾಟ್ ಅಳಿಸಿಬಿಡುತ್ತಾರೆ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯುಪಿಐ ರಸೀದಿಯಲ್ಲಿ 12 ಅಂಕಿಯ ಯುಟಿಆರ್ ನಂಬರ್ ಇದೆ, ಅದನ್ನು ಬರೆದಿಟ್ಟುಕೊಂಡೇ ಮಾಡಿ, ಅವರು ಮೊದಲು ಅದನ್ನೇ ಕೇಳುತ್ತಾರೆ. cybercrime.gov.in ನಲ್ಲೂ ದೂರು ತುಂಬಿ. ಬಂದ 360ರ ವಿಷಯವನ್ನೂ ಅದರಲ್ಲೇ ಬರೆಯಿರಿ. ಮುಂದೆ ಯಾರಾದರೂ ಕೇಳಿದರೆ ನೀವೇ ಮೊದಲು ಹೇಳಿದ್ದೀರಿ ಅಂತ ಇರುತ್ತದೆ.

ಜಮಖಂಡಿ ಪಾಟೀಲ

1930ಕ್ಕೆ ಮಾಡಿದರೆ ದುಡ್ಡು ವಾಪಸ್ ಗ್ಯಾರಂಟಿ. ನಮ್ಮ ಊರಿನವರಿಗೆ ಬಂದಿದೆ.

ಗುಮ್ಮಟದ ನೆರಳು

ಗ್ಯಾರಂಟಿ ಇಲ್ಲ ಪಾಟೀಲರೇ. ದುಡ್ಡು ಇನ್ನೂ ಮುಂದಿನ ಖಾತೆಯಲ್ಲಿ ಇದ್ದರೆ ಅಲ್ಲಿಯೇ ಹಿಡಿದಿಡುತ್ತಾರೆ. ಎಟಿಎಂನಿಂದ ತೆಗೆದುಬಿಟ್ಟಿದ್ದರೆ ಏನೂ ಸಿಗುವುದಿಲ್ಲ. ದುಡ್ಡು ಹೋದ ಗಂಟೆಯೊಳಗೇ ಫೋನ್ ಮಾಡಿದವರಿಗೂ ವಾರ ಬಿಟ್ಟು ಮಾಡಿದವರಿಗೂ ಬಹಳ ವ್ಯತ್ಯಾಸ. ಹಿಡಿದದ್ದು ಕೈಗೆ ಬರಲು ಕೂಡ ಓಡಾಟ ಇದೆ. ನಿಮ್ಮ ಊರಿನವರು ಬೇಗ ಮಾಡಿರಬೇಕು.

ಇಳಕಲ್ ಮಗ್ಗ

640 ರೂಪಾಯಿಗೆ ಪೊಲೀಸರು ದೂರು ತೆಗೆದುಕೊಳ್ಳುತ್ತಾರಾ? ನಗುತ್ತಾರೆ.

ಡಿಸಿ ಆಫೀಸ್ ಎದುರಿನ ಝೆರಾಕ್ಸ್

ನಗಬಹುದು. ಆನ್‌ಲೈನಿನಲ್ಲಿ ತುಂಬಿದರೆ ಯಾರ ಮುಖ ನೋಡಬೇಕಿದೆ? ಅದೇ ಯುಪಿಐ ಐಡಿ ಮೇಲೆ ಇನ್ನೊಬ್ಬರು ಮೂರು ಲಕ್ಷದ ದೂರು ಕೊಟ್ಟಿರುತ್ತಾರೆ.

ಗೋಕಾಕ ಕರದಂಟು

ಸ್ಟೇಟ್‌ಮೆಂಟ್ ನೋಡಿದೆ. ಪ್ರತಿ ಸಲ ಬೇರೆ ಹೆಸರು, ಅದು ನಿಜ. ಆದರೂ ನನ್ನ 4,000 ವ್ಯಾಲೆಟ್‌ನಲ್ಲಿದೆ. ಅದನ್ನು ಮೊದಲು ತೆಗೆದು ನೋಡುತ್ತೇನೆ. ಬಂದರೆ ಇಲ್ಲೇ ಹಾಕುತ್ತೇನೆ, ಆಗ ನೋಡೋಣ.

ಗುಮ್ಮಟದ ನೆರಳು

ತೆಗೆಯಿರಿ. ತೆಗೆಯಲು ಇನ್ನೊಂದು ರೂಪಾಯಿಯನ್ನೂ ಹಾಕಬೇಡಿ. ಬಂದರೂ ಅದು ಯಾರ ಖಾತೆಯಿಂದ ಬಂತು ಬರೆದಿಟ್ಟುಕೊಳ್ಳಿ.

ನವನಗರದಾಕಿ

ಮನೆಯವರಿಗೆ ಹೇಳಿದೆ. ಸ್ವಲ್ಪ ಬೈದರು, ಆಮೇಲೆ ಅವರೇ ಕೂತು ದೂರು ತುಂಬಿದರು. ನೋಂದಣಿ ನಂಬರ್ ಬಂದಿದೆ.

ಈಗ ನನ್ನ ತಲೆಬಿಸಿ ಬೇರೆ. ಲಿಂಕ್ ಕೊಟ್ಟ ಅಕ್ಕನ ಮನೆಗೆ ಹೋಗಿದ್ದೆ. ಅವರೇ 18,000 ಹಾಕಿ ಕೂತಿದ್ದಾರೆ. ಒಬ್ಬರನ್ನು ಸೇರಿಸಿದರೆ ಕಾಂಬೋದಲ್ಲಿ 500 ಕಡಿಮೆ ಮಾಡುತ್ತೇವೆ ಅಂದಿದ್ದಕ್ಕೆ ನನಗೆ ಕಳಿಸಿದ್ದಂತೆ. ನಮ್ಮ ಸೆಕ್ಟರಿನಲ್ಲೇ ಇನ್ನೂ ಮೂವರಿಗೆ ಕಳಿಸಿದ್ದಾರೆ. ದೂರಿನಲ್ಲಿ ಅವರ ಹೆಸರು ಬರೆಯಬೇಕಾ? ಅವರ ಗಂಡನಿಗೆ ಗೊತ್ತಿಲ್ಲ.

ಇಳಕಲ್ ಮಗ್ಗ

ಬರೆಯಿರಿ. ದುಡ್ಡು ಉಳಿಸಿಕೊಳ್ಳಲು ನಿಮ್ಮನ್ನು ತಳ್ಳಿದ್ದಾರೆ.

ಕುಂದಾಪ್ರಿಯ

ಬೇಡ ಅನ್ನಿಸುತ್ತದೆ ಅಕ್ಕಾ. ಅವರೂ ಕಳೆದುಕೊಂಡವರೇ. ಅವರಿಂದಲೇ ಇನ್ನೊಂದು ದೂರು ಕೊಡಿಸಿ.

ಗುಮ್ಮಟದ ನೆರಳು

ಲಿಂಕ್ ಎಲ್ಲಿಂದ ಬಂತು ಅಂತ ಪೊಲೀಸರು ಕೇಳಿದರೆ ಇದ್ದದ್ದು ಹೇಳಬೇಕಾಗುತ್ತದೆ, ಮುಚ್ಚಿಡಲು ಆಗುವುದಿಲ್ಲ. ಅದಕ್ಕೆ ಮೊದಲು ಅವರು ತಾವೇ ದೂರು ಕೊಟ್ಟರೆ ಅವರಿಗೂ ಒಳ್ಳೆಯದು. 18,000ದಲ್ಲಿ ಕಡೆಯ ಕಂತು ಯಾವಾಗ ಹಾಕಿದರು ಕೇಳಿ ತಂಗಿ. ನಿನ್ನೆ ಮೊನ್ನೆಯದಾದರೆ ಇವತ್ತೇ 1930ಕ್ಕೆ ಮಾಡಿಸಿ. ಆ ಮೂವರು ಮನೆಯವರಿಗೂ ಇವತ್ತೇ ಹೇಳಿ.

ನವನಗರದಾಕಿ

ಮೊನ್ನೆ ಸಂಜೆ 7,000 ಹಾಕಿದ್ದಾರಂತೆ. ಈಗ ಅವರ ಮನೆಗೆ ಹೋಗುತ್ತಿದ್ದೇನೆ.